ಇಮೇಲ್ ಒಂದೇ, ಆಸಾಮಿ ಒಬ್ಬರೇನಾ?

ನಿಮ್ಮ ಆ್ಯಪ್‌ಗೆ ‘Continue with Google’ ಅನ್ನೋ ಬಟನ್ ಹಾಕಬೇಕು ಅಂತ ಬಾಸ್ ಹೇಳಿ ಹೋದರು, ಅಲ್ವಾ? ಶುಕ್ರವಾರ ಸಂಜೆ ಹೇಳಿರ್ತಾರೆ, ಸೋಮವಾರ ಬೆಳಿಗ್ಗೆ ಡೆಮೊ ಇಟ್ಟಿರ್ತಾರೆ. ನೀವೂ ಸುಮ್ಮನಿರದೆ “ಅದೆಂತ ಸಾರ್, ಅರ್ಧ ದಿನದ ಕೆಲಸ” ಅಂದಿರ್ತೀರಿ. (ಅಂದಿಲ್ಲ ಅನ್ನಬೇಡಿ. ನಾವು ಕೋಡ್ ಬರೆಯೋರೆಲ್ಲ ಅರ್ಧ ದಿನ ಅಂತಲೇ ಹೇಳೋದು.)

ಅರ್ಧ ದಿನ ಅನ್ನೋದು ಪೂರ್ತಿ ಸುಳ್ಳೂ ಅಲ್ಲ ಮಾರಾಯ್ರೇ. ಗೂಗಲ್ ಕನ್ಸೋಲ್‌ಗೆ ಹೋಗಿ ಕ್ಲೈಂಟ್ ಐಡಿ ಮಾಡಿಕೊಂಡು, ಲಾಗಿನ್ ಆದವರು ವಾಪಸ್ ಬರಬೇಕಾದ ವಿಳಾಸ ಬರೆದು, ಅದರ ತುದಿಯಲ್ಲಿ ಒಂದು ಸ್ಲ್ಯಾಶ್ ಹೆಚ್ಚಾಗಿ `redirect_uri_mismatch` ಅಂತ ಬೈಸಿಕೊಂಡು, ಅದನ್ನ ಸರಿ ಮಾಡಿ, ಒಂದು ಚಾ ಕುಡಿದು ಬಂದರೆ ಬಟನ್ ಕೆಲಸ ಮಾಡ್ತದೆ. ಹೊಸಬರು ಒತ್ತಿದರು, ಹೊಸ ಖಾತೆ ಆಯ್ತು. ಬಾಸ್ ಖುಷ್, ನೀವೂ ಖುಷ್.

ತಾಪತ್ರಯ ಇರೋದು ಹಳಬರದ್ದು. ನಿಮ್ಮದು ಮಧ್ಯಾಹ್ನದ ಊಟದ ಡಬ್ಬಿ ತರಿಸೋ ಆ್ಯಪ್ ಅಂತಲೇ ಇಟ್ಟುಕೊಳ್ಳಿ. ನಾಲ್ಕು ವರ್ಷದಿಂದ ಇಮೇಲ್, ಪಾಸ್‌ವರ್ಡ್ ಎರಡರಲ್ಲೇ ನಡೆದುಕೊಂಡು ಬಂದಿದೆ. ಅದರಲ್ಲಿ ಸುಮಾ ಅಂತೊಬ್ಬಳು ಗಿರಾಕಿ. ವ್ಯಾಲೆಟ್‌ನಲ್ಲಿ 640 ರೂಪಾಯಿ, ಎರಡು ವಿಳಾಸ, ‘ಮೊಸರನ್ನಕ್ಕೆ ದಾಳಿಂಬೆ ಬೇಡ’ ಅಂತ ಒಂದು ಖಾಯಂ ನೋಟ್. ಅವಳು ಇವತ್ತು ನಿಮ್ಮ ಹೊಸ ಬಟನ್ ನೋಡ್ತಾಳೆ, ಒತ್ತೇಬಿಡ್ತಾಳೆ. (ನೀವಾದರೂ ಬಿಡ್ತಿದ್ದಿರಾ? ಪಾಸ್‌ವರ್ಡ್ ನೆನಪಿದ್ದರೆ ತಾನೇ!)

ಈಗ ನಿಮ್ಮ ಕೈ ಎಲ್ಲಿಗೆ ಹೋಗ್ತದೆ ಅಂತ ನಾನು ಹೇಳಲಾ? ಇಗೋ, ಇಲ್ಲಿಗೆ:

```python
user = find_user_by_email(claims["email"])
if user:
    login(user)
```

ಮೂರೇ ಸಾಲು, ಓದಿದರೆ ಎಷ್ಟು ಸಲೀಸು! ಗೂಗಲ್ ಕಳಿಸಿದ ಇಮೇಲೂ ನಮ್ಮ ಟೇಬಲ್‌ನಲ್ಲಿರೋ ಇಮೇಲೂ ಒಂದೇ, ಹಾಗಾಗಿ ಬಂದವಳು ಸುಮಾನೇ, ಒಳಗೆ ಬಿಡಿ. ಟೆಸ್ಟ್ ಮಾಡಿದಿರಿ, ಪಾಸಾಯ್ತು. ಆಗದೆ ಇನ್ನೇನು? ಟೆಸ್ಟ್ ಮಾಡಿದ್ದು ನಿಮ್ಮದೇ ಇಮೇಲ್, ನಿಮ್ಮದೇ ಗೂಗಲ್ ಖಾತೆಯಿಂದ. ನಿಮಗೆ ನೀವೇ ಮೋಸ ಮಾಡಿಕೊಳ್ಳೋದಿಲ್ಲವಲ್ಲ.

ಇದರಲ್ಲಿ ಅನುಮಾನ ಯಾರ ಮೇಲೆ ಬರಬೇಕು ಹೇಳಿ ನೋಡೋಣ. ಗೂಗಲ್ ಮೇಲೆ ಅಂದಿರಾ? ಬಹಳಷ್ಟು ಜನ ಹಾಗೇ ಅನ್ನೋದು. ಆದರೆ ಇಲ್ಲಿ ಮೊದಲು ಸಂಶಯದಿಂದ ನೋಡಬೇಕಾದ್ದು ಗೂಗಲನ್ನಲ್ಲ, ನಿಮ್ಮದೇ ಟೇಬಲ್‌ನ ಆ ಹಳೇ ಸಾಲನ್ನು. ಆ ಸಾಲಿನಲ್ಲಿ ಸುಮಾಳ ಇಮೇಲ್ ಬರೆದವರು ಯಾರು ಅಂತ ನೀವು ಯಾವತ್ತಾದರೂ ಕೇಳಿದ್ದುಂಟಾ?

ಅದಕ್ಕೂ ಮೊದಲು ಗೂಗಲ್ ಕೊಡೋದು ಎಂತ ಅಂತ ಒಂದು ಸಲ ನೋಡಿಬಿಡೋಣ. 2012ರಲ್ಲಿ ಆರ್‌ಎಫ್‌ಸಿ 6749 ಅಂತ ಬಂದ ಓಆತ್ 2.0 ಬರೀ ಅನುಮತಿಯ ಕಥೆ. ‘ಈ ಆ್ಯಪ್ ನನ್ನ ಕ್ಯಾಲೆಂಡರ್ ನೋಡಲಿ’ ಅನ್ನೋ ತರಹದ್ದು. ಒಳಗೆ ಬಂದವರು ಯಾರು ಅಂತ ಹೇಳೋ ಜವಾಬ್ದಾರಿ ಅದರದ್ದಲ್ಲ. ಆ ಕೆಲಸಕ್ಕೆ 2014ರಲ್ಲಿ ಅದರ ಮೇಲೆ ಓಪನ್‌ಐಡಿ ಕನೆಕ್ಟ್ ಅಂತ ಇನ್ನೊಂದು ಪದರ ಕೂರಿಸಿದರು. ಅದರಿಂದ ಸಿಗೋದೇ ಐಡಿ ಟೋಕನ್. ಬಿಚ್ಚಿ ನೋಡಿದರೆ ಹೆಚ್ಚುಕಮ್ಮಿ ಹೀಗಿರ್ತದೆ:

```json
{
  "iss": "https://accounts.google.com",
  "aud": "nimma-client-id",
  "sub": "110169484474386276334",
  "email": "suma@example.com",
  "email_verified": true
}
```

ನಿಮ್ಮ ಕಣ್ಣು ಸೀದಾ `email` ಮೇಲೆ ಬಿತ್ತು, ಹೌದಾ? ಅದು ಓದಲಿಕ್ಕೆ ಬರ್ತದಲ್ಲ, ಅದಕ್ಕೆ. ಆದರೆ ಇಲ್ಲಿ ಯಜಮಾನ `sub`. ಆ ಉದ್ದದ ಅಂಕಿ ಒಂದು ಗೂಗಲ್ ಖಾತೆಗೆ ಒಂದೇ, ಬದಲಾಗೋದಿಲ್ಲ, ಇನ್ನೊಬ್ಬರಿಗೆ ಹೋಗೋದೂ ಇಲ್ಲ. ಇಮೇಲ್ ಹಾಗಲ್ಲ. ಒಂದೇ ಗೂಗಲ್ ಖಾತೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಇಮೇಲ್ ಇರಬಹುದು, ಆದ್ದರಿಂದ ಅದನ್ನ ಗುರುತಾಗಿ ಬಳಸಬೇಡಿ ಅಂತ ಗೂಗಲ್ಲೇ ತನ್ನ ದಾಖಲೆಯಲ್ಲಿ ಬರೆದಿದೆ. (ದಾಖಲೆ ಯಾರು ಓದ್ತಾರೆ ಅಂತೀರಾ? ಸರಿ, ಅದಕ್ಕೇ ನಾನು ಹೇಳ್ತಿರೋದು.)

ಆದ್ದರಿಂದ `users` ಟೇಬಲ್‌ಗೆ `google_email` ಅಂತ ಒಂದು ಕಾಲಂ ತುರುಕಬೇಡಿ. ಇವತ್ತು ಗೂಗಲ್ ಕೇಳಿದವರು ನಾಳೆ ಆ್ಯಪಲ್ ಕೇಳ್ತಾರೆ, ನಾಡಿದ್ದು ಫೇಸ್‌ಬುಕ್ ಅಂತಾರೆ. ಪ್ರತಿ ಸಲ ಕಾಲಂ ಸೇರಿಸ್ತಾ ಕೂರ್ತೀರಾ? ಪಕ್ಕದಲ್ಲಿ ಸಣ್ಣದೊಂದು ಟೇಬಲ್ ಮಾಡಿ:

```sql
CREATE TABLE identities (
  user_id BIGINT NOT NULL REFERENCES users(id),
  issuer  TEXT NOT NULL,
  sub     TEXT NOT NULL,
  UNIQUE (issuer, sub)
);
```

ಒಬ್ಬ ಸುಮಾಳಿಗೆ ಇಲ್ಲಿ ಎಷ್ಟು ಸಾಲು ಬೇಕಾದರೂ ಇರಲಿ. ಆದರೆ ಒಂದು `issuer`, ಒಂದು `sub` ಸೇರಿದ ಜೋಡಿ ಮಾತ್ರ ಇಬ್ಬರ ಹೆಸರಿಗೆ ಹೋಗೋ ಹಾಗಿಲ್ಲ. ಆ `UNIQUE` ಅನ್ನೋದನ್ನ ‘ಆಮೇಲೆ ಹಾಕಿದರಾಯ್ತು’ ಅಂತ ಬಿಡಬೇಡಿ. ಸುಮಾ ಬಟನ್ನನ್ನು ಎರಡು ಸಲ ಟಕಟಕ ಒತ್ತೇ ಒತ್ತುತ್ತಾಳೆ. ನೀವು ಲಿಫ್ಟ್ ಬಟನ್ ಒತ್ತೋದಿಲ್ವಾ, ಹಾಗೆ.

ಈಗ ಬಟನ್ ಒತ್ತಿ ಬಂದವರಿಗೆ ಎಂತ ಮಾಡಬೇಕು? ಮೊದಲು ಈ ಜೋಡಿ ನಮ್ಮಲ್ಲಿ ಉಂಟಾ ಅಂತ ನೋಡಿ. ಇದ್ದರೆ ಒಳಗೆ ಬಿಡಿ, ಇಮೇಲ್ ಕಡೆ ತಿರುಗಿಯೂ ನೋಡಬೇಡಿ. ಜೋಡಿಯೂ ಇಲ್ಲ, ಆ ಇಮೇಲಿನ ಹಳೇ ಖಾತೆಯೂ ಇಲ್ಲ ಅಂದರೆ ಹೊಸಬರು, ಹೊಸ ಖಾತೆ. ಈ ಎರಡರಲ್ಲಿ ತಲೆಬಿಸಿ ಇಲ್ಲ. ಜೋಡಿ ಇಲ್ಲ, ಆದರೆ ಇಮೇಲ್ ಹಳೇ ಖಾತೆಗೆ ಹೊಂದ್ತದೆ ಅಂದಾಗ ಮಾತ್ರ ನಿಲ್ಲಬೇಕು.

ಯಾಕೆ ನಿಲ್ಲಬೇಕು ಅಂದರೆ, ಕಿಟ್ಟಿ ಅಂತೊಬ್ಬ ಇದ್ದಾನೆ. (ಎಲ್ಲಾ ಊರಲ್ಲೂ ಇರ್ತಾನೆ.) ಸುಮಾ ಇನ್ನೂ ನಿಮ್ಮ ಗಿರಾಕಿಯೇ ಆಗಿರಲಿಲ್ಲ ಅಂತ ಈ ಸಲ ಇಟ್ಟುಕೊಳ್ಳಿ. ಅವನು ಹೋದ ವರ್ಷ ನಿಮ್ಮ ಆ್ಯಪ್‌ಗೆ ಬಂದು, ಸುಮಾಳ ಇಮೇಲ್ ಹಾಕಿ, ತನ್ನದೇ ಪಾಸ್‌ವರ್ಡ್ ಇಟ್ಟು ಖಾತೆ ತೆಗೆದ. ನಿಮ್ಮ ಆ್ಯಪ್ ‘ದೃಢೀಕರಣಕ್ಕೆ ಮೇಲ್ ಕಳಿಸಿದ್ದೇವೆ’ ಅಂತ ಹೇಳಿತು, ಆದರೆ ಅದನ್ನ ಕ್ಲಿಕ್ ಮಾಡದೇ ಇದ್ದರೂ ಒಳಗೆ ಓಡಾಡಲಿಕ್ಕೆ ಬಿಟ್ಟಿತು. ಯಾಕೆ ಬಿಟ್ಟಿರಿ? ಗಿರಾಕಿಗೆ ಕಿರಿಕಿರಿ ಆಗಬಾರದು ಅಂತ ಮಾರ್ಕೆಟಿಂಗಿನವರು ಹೇಳಿದ್ದರು, ನೀವು ತಲೆ ಅಲ್ಲಾಡಿಸಿದ್ದಿರಿ.

ಆ ಮೇಲ್ ಸುಮಾಳಿಗೆ ಹೋಯ್ತು. ಅವಳು ‘ಎಂತದೋ ಊಟದ ಜಾಹೀರಾತು’ ಅಂತ ಬಿಟ್ಟಳು. ಕಿಟ್ಟಿಗೆ ಅವಸರ ಇಲ್ಲ. ಆರು ತಿಂಗಳ ನಂತರ ಸುಮಾಳಿಗೆ ನಿಜವಾಗಿ ಹಸಿವಾಯ್ತು, ನಿಮ್ಮ ಆ್ಯಪ್ ಹಾಕಿಕೊಂಡಳು, ಗೂಗಲ್ ಬಟನ್ ಒತ್ತಿದಳು. ನಿಮ್ಮ ಆ ಮೂರು ಸಾಲು ‘ಓ, ಈ ಇಮೇಲಿನ ಖಾತೆ ಆಗಲೇ ಉಂಟಲ್ಲ’ ಅಂತ ಅವಳನ್ನ ಕಿಟ್ಟಿ ತೆಗೆದ ಖಾತೆಯೊಳಗೇ ಕೂರಿಸಿತು.

ಅವಳು ಮನೆ ವಿಳಾಸ ಬರೆದಳು, ವ್ಯಾಲೆಟ್‌ಗೆ ದುಡ್ಡು ಹಾಕಿದಳು. ಹಿಂದಿನ ಬಾಡಿಗೆಯವನ ಹತ್ತಿರ ಇನ್ನೊಂದು ಬೀಗದ ಕೈ ಇದೆ ಅಂತ ಗೊತ್ತಿಲ್ಲದೆ ಮನೆಗೆ ಹಾಲುಕ್ಕಿಸಿದ ಹಾಗಾಯ್ತು. ಕಿಟ್ಟಿಯ ಪಾಸ್‌ವರ್ಡ್ ಈಗಲೂ ಓಡ್ತದೆ. ಅವನು ನಿಧಾನಕ್ಕೆ ಬಂದು ವಿಳಾಸ ಓದಿಕೊಳ್ತಾನೆ, ಬೇಕಾದರೆ ಅದೇ ದುಡ್ಡಲ್ಲಿ ಊಟವನ್ನೂ ತರಿಸ್ತಾನೆ.

‘ಇದೆಲ್ಲ ಕಥೆ’ ಅಂತೀರಾ? 2022ರಲ್ಲಿ ಅವಿನಾಶ್ ಸುಧೋದನನ್ ಮತ್ತು ಆಂಡ್ರೂ ಪಾವರ್ಡ್ ಅನ್ನೋರು ಯೂಸೆನಿಕ್ಸ್ ಸೆಕ್ಯುರಿಟಿ ಸಮ್ಮೇಳನದಲ್ಲಿ ಇದರ ಮೇಲೇ ಒಂದು ಪ್ರಬಂಧ ಕೊಟ್ಟರು. ಜನ ಬಳಸೋ 75 ಸೇವೆಗಳನ್ನ ಹಿಡಿದು ನೋಡಿದರೆ ಕನಿಷ್ಠ 35ರಲ್ಲಿ ಈ ಜಾತಿಯ ಒಂದಲ್ಲ ಒಂದು ತೂತು ಸಿಕ್ಕಿತಂತೆ. ಖಾತೆಯ ನಿಜವಾದ ಒಡೆಯ ಬರೋದಕ್ಕೆ ಮೊದಲೇ ಅದನ್ನ ಕದ್ದು ಇಟ್ಟುಕೊಳ್ಳೋ ಉಪಾಯಗಳು. ದೊಡ್ಡ ದೊಡ್ಡವರದ್ದೇ ಹೀಗಾದರೆ ನಮ್ಮ ಡಬ್ಬಿ ಆ್ಯಪ್ ಯಾವ ಲೆಕ್ಕ?

ಹಾಗಾದರೆ ದಾರಿ? ಹಳೇ ಸಾಲಿನಲ್ಲಿ ಆ ಇಮೇಲ್ ದೃಢೀಕರಣ ಆಗಿತ್ತಾ ಅಂತ ಮೊದಲು ನೋಡಿ. ನಿಮ್ಮ ಟೇಬಲ್‌ನಲ್ಲಿ `email_verified_at` ಅಂತ ಕಾಲಂ ಇರ್ತದೆ. (ಇದೆ ತಾನೇ? ಹೋದ ವರ್ಷ ಸೇರಿಸಿದಿರಾ? ಹಾಗಾದರೆ ಅದಕ್ಕೂ ಹಿಂದಿನವರೆಲ್ಲ `NULL`. ಆಹಾ! ಆ ‘NULL’ಗಳನ್ನ ಒಂದೇ ಏಟಿಗೆ ಇವತ್ತಿನ ದಿನಾಂಕ ಹಾಕಿ ತುಂಬಿಬಿಡೋ ಯೋಚನೆ ಈಗ ನಿಮ್ಮ ತಲೆಯಲ್ಲಿ ಹಾದುಹೋಯ್ತು. ನಾನು ನೋಡಿದೆ. ಬೇಡ.)

ದೃಢೀಕರಣ ಆಗಿದ್ದರೆ ನಿಟ್ಟುಸಿರು ಬಿಡಿ, ಆದರೂ ಸದ್ದಿಲ್ಲದೆ ಜೋಡಿಸಬೇಡಿ. ‘ಈ ಇಮೇಲಿನಲ್ಲಿ ನಿಮ್ಮ ಖಾತೆ ಆಗಲೇ ಇದೆ. ಒಂದು ಸಲ ಹಳೇ ಪಾಸ್‌ವರ್ಡ್ ಹಾಕಿ, ಗೂಗಲ್ ಜೋಡಿಸಿಕೊಡ್ತೇವೆ’ ಅಂತ ಒಂದು ಪರದೆ ತೋರಿಸಿ. ಪಾಸ್‌ವರ್ಡ್ ಸರಿ ಬಂತು ಅಂದರೆ ಅಲ್ಲಿಗೆ ಎರಡೂ ಕಡೆಯವರು ಒಬ್ಬರೇ ಅಂತ ಸಾಬೀತಾಯ್ತು. `identities` ಟೇಬಲ್‌ಗೆ ಒಂದು ಸಾಲು ಸೇರಿಸಿ, ಮುಂದಿನ ಸಲದಿಂದ ಕೇಳೋದೇ ಬೇಡ.

ಈಗ ನೀವು ಕೈ ಎತ್ತಿ ಕೇಳ್ತೀರಿ: “ಪಾಸ್‌ವರ್ಡ್ ನೆನಪಿದ್ದಿದ್ದರೆ ಅವಳು ಗೂಗಲ್ ಬಟನ್ ಯಾಕೆ ಒತ್ತುತ್ತಿದ್ದಳು?” ಶಭಾಷ್, ಸರಿಯಾದ ಪ್ರಶ್ನೆ. ಆದರೆ ಯೋಚನೆ ಮಾಡಿ, ಪಾಸ್‌ವರ್ಡ್ ಮರೆತವರಿಗೆ ನೀವು ಇಷ್ಟು ದಿನ ಎಂತ ಮಾಡ್ತಿದ್ದಿರಿ? ಅವರ ಇಮೇಲ್‌ಗೆ ಒಂದು ಲಿಂಕ್ ಕಳಿಸಿ, ಮೇಲ್‌ಬಾಕ್ಸ್ ಅವರ ಕೈಯಲ್ಲಿದೆ ಅಂತ ಖಾತ್ರಿ ಮಾಡಿಕೊಂಡು ಹೊಸ ಪಾಸ್‌ವರ್ಡ್ ಇಡಲಿಕ್ಕೆ ಬಿಡ್ತಿದ್ದಿರಿ.

ಇಲ್ಲೂ ಅದೇ ಆಗ್ತಿರೋದು. ಮೇಲ್‌ಬಾಕ್ಸ್ ಅವಳದ್ದೇ ಅನ್ನೋ ಮಾತನ್ನ ಲಿಂಕ್ ಬದಲು ಗೂಗಲ್ ಹೇಳ್ತಿದೆ, ಅಷ್ಟೇ. ಅಂದಮೇಲೆ ಪಾಸ್‌ವರ್ಡ್ ಇಲ್ಲದೆ ಜೋಡಿಸೋದು ಅಂದರೆ ಪಾಸ್‌ವರ್ಡ್ ರಿಸೆಟ್‌ಗೆ ಸಮ. ರಿಸೆಟ್ ಮಾಡುವಾಗ ಎಂತೆಲ್ಲ ಮಾಡ್ತೀರೋ ಅದೆಲ್ಲ ಇಲ್ಲೂ ಮಾಡಿ. ಹಳೇ ಪಾಸ್‌ವರ್ಡ್ ಅಳಿಸಿ, ಎಲ್ಲಾ ಕಡೆ ತೆರೆದಿರೋ ಸೆಷನ್ ಮುಚ್ಚಿ, ಸುಮಾಳಿಗೊಂದು ಮೇಲ್ ಹಾಕಿ. ಖಾತೆಗೆ ಓಟಿಪಿಯ ಎರಡನೇ ಕಾವಲು ಇದ್ದರೆ ಅದನ್ನ ದಾಟಿಸಿ ಬಿಡಬೇಡಿ, ಗೂಗಲ್ ಹೇಳಿದರೂ ಓಟಿಪಿ ಕೇಳಿ.

ಇನ್ನು ಹಳೇ ಸಾಲು ದೃಢೀಕರಣ ಆಗಿರಲೇ ಇಲ್ಲ ಅಂದರೆ? ಆಗ ಅದು ಕಿಟ್ಟಿಯದ್ದೂ ಇರಬಹುದು, ಸೋಮಾರಿ ಸುಮಾಳದ್ದೂ ಇರಬಹುದು. ಇಲ್ಲಿ ಹಳೇ ಪಾಸ್‌ವರ್ಡ್ ಕೇಳಿ ಜೋಡಿಸಿಬಿಡೋಣ ಅಂದರೆ, ಸರಿಯಾಗಿ ಹಾಕಿದವಳು ಸುಮಾ ಅಂತಾದರೆ ಸರಿ, ಅಡ್ಡಿಯಿಲ್ಲ. ಹಾಕಲಿಕ್ಕಾಗದೇ ಇದ್ದರೆ ಆ ಸಾಲಿನಲ್ಲಿರೋ ಒಳಬರೋ ದಾರಿಗಳನ್ನೆಲ್ಲ ಕಿತ್ತು ಹಾಕಿದ ಮೇಲೇ ಅವಳನ್ನ ಕೂರಿಸಬೇಕು.

ಎಲ್ಲಾ ದಾರಿ ಅಂದರೆ ಬರೀ ಪಾಸ್‌ವರ್ಡ್ ಅಲ್ಲ ಮಾರಾಯ್ರೇ, ಇಲ್ಲೇ ಜಾಣರೂ ಜಾರೋದು. ಕಿಟ್ಟಿ ಒಂದು ಫೋನಲ್ಲಿ ಲಾಗಿನ್ ಆಗಿ ಹಾಗೇ ಬಿಟ್ಟಿರ್ತಾನೆ, ಆ ಸೆಷನ್ ಪಾಸ್‌ವರ್ಡ್ ಹೋದರೂ ಉಸಿರಾಡ್ತಿರ್ತದೆ. ಖಾತೆಗೆ ತನ್ನ ಮೊಬೈಲ್ ನಂಬರ್ ಸೇರಿಸಿರ್ತಾನೆ, ಓಟಿಪಿ ಅವನಿಗೇ ಬರ್ತದೆ. ಇಮೇಲ್ ಬದಲಾಯಿಸೋ ಅರ್ಜಿ ಹಾಕಿ ಆ ಲಿಂಕನ್ನ ಒತ್ತದೆ ಜೋಪಾನ ಇಟ್ಟುಕೊಂಡಿರ್ತಾನೆ, ನಿಮ್ಮ ಆ ಲಿಂಕ್‌ಗೆ ಅವಧಿಯೇ ಇಲ್ಲದಿದ್ದರೆ ಸುಮಾ ಬಂದ ಮೇಲೆ ಒತ್ತಿದರಾಯ್ತು. ಎಲ್ಲವನ್ನೂ ಗುಡಿಸಬೇಕು.

ನಿಮ್ಮ ಆ್ಯಪ್ ಆಗಲೇ ಆ ಮೂರು ಸಾಲಿನ ಜೊತೆ ಓಡ್ತಾ ಉಂಟಾ? (ಮುಖ ಸಣ್ಣ ಮಾಡಬೇಡಿ, ನೀವೊಬ್ಬರೇ ಅಲ್ಲ.) ಹಾಗಿದ್ದರೆ ಇವತ್ತೇ ಹುಡುಕಿ ನೋಡಿ. ಗೂಗಲ್ ಬಟನ್ನಿನಿಂದ ಒಳಗೆ ಬಂದದ್ದಿದೆ, ಪಾಸ್‌ವರ್ಡ್ ಇದೆ, ಆದರೆ ಮೊದಲ ಸಲ ಹಾಗೆ ಬಂದ ಹೊತ್ತಿಗೆ ಇಮೇಲ್ ದೃಢೀಕರಣ ಆಗಿರಲಿಲ್ಲ ಅನ್ನೋ ಖಾತೆಗಳು ಎಷ್ಟಿವೆ? ಅವರ ಪಾಸ್‌ವರ್ಡ್ ರದ್ದು ಮಾಡಿದರೆ ಗೂಗಲ್‌ನಿಂದ ಬರೋ ಸುಮಾಗಳಿಗೆ ಗೊತ್ತೇ ಆಗೋದಿಲ್ಲ. ಬೊಬ್ಬೆ ಹಾಕೋರು ಯಾರಾದರೂ ಬಂದರೆ ಕಿಟ್ಟಿಯಾ ಅಂತ ಒಮ್ಮೆ ನೋಡಿಕೊಳ್ಳಿ.

ಇಷ್ಟು ಹೊತ್ತು ಗೂಗಲನ್ನ ನಂಬಿಯೇ ಮಾತಾಡಿದೆವು. ಅದಕ್ಕೂ ಒಂದು ಗಡಿ ಉಂಟು. `@gmail.com` ವಿಳಾಸ ಅಂದರೆ ಅದು ಗೂಗಲ್ಲಿನ ಸ್ವಂತ ಜಾಗ, ಅದರ ಬಗ್ಗೆ ಅದು ಹೇಳಿದ್ದೇ ಅಂತಿಮ. ಟೋಕನ್‌ನಲ್ಲಿ `hd` ಅಂತ ಕಂಪನಿಯ ಡೊಮೇನ್ ಬಂದು `email_verified` ಕೂಡ `true` ಇದ್ದರೆ ಆಗಲೂ ಸರಿ. ಆದರೆ ಬೇರೆ ಕಂಪನಿಯ ಮೇಲ್ ವಿಳಾಸ ಕೊಟ್ಟೂ ಗೂಗಲ್ ಖಾತೆ ತೆರೀಬಹುದು, ಗೊತ್ತಾ? ಅಂಥವರ ವಿಳಾಸವನ್ನ ಗೂಗಲ್ ಒಂದು ಕಾಲದಲ್ಲಿ ಪರೀಕ್ಷೆ ಮಾಡಿರ್ತದೆ, ಇವತ್ತೂ ಅದು ಅವರದ್ದೇನಾ ಅಂತ ಅದಕ್ಕೂ ಗೊತ್ತಿರೋದಿಲ್ಲ. ಅಂಥವರಿಗೆ ನಿಮ್ಮದೇ ಒಂದು ಲಿಂಕ್ ಮೇಲ್ ಮಾಡಿ, ಒತ್ತಿದ ಮೇಲೆ ಜೋಡಿಸಿ.

ಗೂಗಲ್ ಬಟನ್ನಿಗೆ ಬರೆದ ಕೋಡನ್ನೇ ಕಾಪಿ ಹೊಡೆದು ಮೈಕ್ರೋಸಾಫ್ಟ್ ಬಟನ್ನಿಗೂ ಹಾಕ್ತೀರಲ್ಲ, ಅಲ್ಲಿ ಇನ್ನೂ ಹುಷಾರು. ಯಾವ ಕಂಪನಿಯವರು ಬೇಕಾದರೂ ಬರಲಿ ಅಂತ ಬಾಗಿಲು ತೆರೆದ ಆ್ಯಪ್‌ಗಳಲ್ಲಿ, ಒಂದು ಕಂಪನಿಯ ಅಡ್ಮಿನ್ ತನ್ನ ಬಳಕೆದಾರನ `email` ಜಾಗದಲ್ಲಿ ಬೇರೆ ಯಾರದ್ದೋ ವಿಳಾಸ ಬರೆಯಬಹುದಾಗಿತ್ತು, ಪರೀಕ್ಷೆಯೇ ಇಲ್ಲದೆ. 2023ರ ಜೂನ್‌ನಲ್ಲಿ ಡಿಸ್ಕೋಪ್ ಅನ್ನೋ ಕಂಪನಿ ಇದಕ್ಕೆ `nOAuth` ಅಂತ ಹೆಸರಿಟ್ಟು ಬಯಲು ಮಾಡಿತು. ಇಮೇಲ್ ನೋಡಿ ಖಾತೆ ಜೋಡಿಸೋ ಆ್ಯಪ್‌ಗಳಷ್ಟೇ ಬಲಿ. `sub` ನೋಡಿ ಬಿಡ್ತಿದ್ದವರು ಆರಾಮಾಗಿ ಮಲಗಿದ್ದರು.

ಇಷ್ಟೆಲ್ಲ ಕಾವಲು ಕಟ್ಟಿದ ಮೇಲೂ ಫೋನ್ ಬರ್ತದೆ ನೋಡಿ: “ನನ್ನ 640 ರೂಪಾಯಿ ಎಲ್ಲಿ? ಹಳೇ ಆರ್ಡರ್ ಒಂದೂ ಕಾಣಿಸ್ತಿಲ್ಲ!” ಇದು ಕಿಟ್ಟಿಯ ಕೆಲಸ ಅಲ್ಲ, ಸುಮಾಳದ್ದೇ. ಹಳೇ ಖಾತೆ ತೆಗೆದದ್ದು ಆಫೀಸ್ ಇಮೇಲಿನಲ್ಲಿ, ಈಗ ಒತ್ತಿದ್ದು ಮನೆಯ ಜಿಮೇಲ್ ಇರೋ ಗೂಗಲ್ ಬಟನ್. ಹೊಂದೋ ಇಮೇಲೇ ಇಲ್ಲ, ಆ್ಯಪ್ ಅವಳನ್ನ ಹೊಸಬಳು ಅಂತ ಸ್ವಾಗತ ಮಾಡಿ ಮೊದಲ ಡಬ್ಬಿಗೆ ರಿಯಾಯಿತಿ ಕೂಪನ್ನೂ ಕೊಟ್ಟಿದೆ.

ನಗಬೇಡಿ. ನಿಮಗೆಷ್ಟು ಇಮೇಲ್ ಉಂಟು? ಕಾಲೇಜಿನಲ್ಲಿ ಮಾಡಿದ್ದು, ಹೇಳಲಿಕ್ಕೆ ನಾಚಿಕೆ ಆಗೋ ಹೆಸರಿನದ್ದು ಒಂದು. ಆಮೇಲೆ ಗಂಭೀರವಾಗಿ ಮಾಡಿದ್ದೊಂದು. ಆಫೀಸಿನದ್ದು. ಕೂಪನ್ ಬರಲಿ ಅಂತ ಮಾಡಿದ್ದು. ಯಾವ ಆ್ಯಪ್‌ಗೆ ಯಾವುದು ಕೊಟ್ಟಿದ್ದೀರಿ ಅಂತ ಈಗ ಕೇಳಿದರೆ ಹೇಳ್ತೀರಾ? ಸುಮಾಳೂ ಹಾಗೇ.

ಆ್ಯಪಲ್ ಬಟನ್ನಿನಲ್ಲಿ ಇದು ತಪ್ಪಿಸಿಕೊಳ್ಳಲಿಕ್ಕೇ ಆಗದ ಸಂಗತಿ. ಅಲ್ಲಿ ‘ನನ್ನ ಇಮೇಲ್ ಅಡಗಿಸಿ’ ಅಂತ ಒಂದು ಆಯ್ಕೆ ಉಂಟು. ಒತ್ತಿದರೆ ನಿಮಗೆ ಸಿಗೋದು ಅಕ್ಷರ, ಅಂಕಿ ಕಲಸಿ `@privaterelay.appleid.com` ಅಂತ ಮುಗಿಯೋ ವಿಳಾಸ. ಅದು ನಿಮ್ಮ ಟೇಬಲ್‌ನ ಯಾವ ಸಾಲಿಗೂ ಹೊಂದೋದಿಲ್ಲ. ಹೆಸರನ್ನಂತೂ ಮೊದಲ ಸಲ ಮಾತ್ರ ಕೊಡ್ತದೆ, ಆಗ ಉಳಿಸಿಕೊಳ್ಳದಿದ್ದರೆ ಆಮೇಲೆ ಬಂದಾಗೆಲ್ಲ ಸುಮಾ ಹೆಸರಿಲ್ಲದವಳು. ಫೇಸ್‌ಬುಕ್‌ನಲ್ಲೋ, ಫೋನ್ ನಂಬರಿನಿಂದ ಖಾತೆ ತೆರೆದವರ ಇಮೇಲೇ ಬಾರದೆ ಇರಬಹುದು.

ಹೀಗಾಗಿ ಹೊಸ ಖಾತೆ ಮಾಡೋ ಮೊದಲು ಒಂದು ಸಣ್ಣ ತಡೆ ಇಡಿ. ‘ನೀವು ಹೊಸಬರಾ, ಇಲ್ಲಾ ನಮ್ಮಲ್ಲಿ ಹಳೇ ಖಾತೆ ಇದೆಯಾ?’ ಅಂತ ಕೇಳಿ, ಎರಡು ಬಟನ್ ಕೊಡಿ. ‘ಹಳೇ ಖಾತೆ ಇದೆ’ ಅಂದವರು ಹಳೇ ರೀತಿಯಲ್ಲೇ ಲಾಗಿನ್ ಆಗಲಿ, ಒಳಗೆ ಬಂದ ಮೇಲೆ ಆ್ಯಪಲ್ ಜೋಡಿಸಿ. ಮಾರ್ಕೆಟಿಂಗಿನವರು ಮತ್ತೆ ‘ಕಿರಿಕಿರಿ’ ಅಂತಾರೆ. ಎರಡು ಖಾತೆ ಆದ ಮೇಲೆ ಆರ್ಡರ್, ವ್ಯಾಲೆಟ್, ಕೂಪನ್ ಎಲ್ಲ ಸೇರಿಸಿ ಒಂದು ಮಾಡೋ ಕೆಲಸವನ್ನ ಅವರಿಗೇ ವಹಿಸಿ ಬಿಡಿ, ಸುಮ್ಮನಾಗ್ತಾರೆ.

ಅಂದ ಹಾಗೆ, ಬಟನ್ ಹಾಕೋ ಮೊದಲೇ ನಿಮ್ಮ ಟೇಬಲ್‌ಗೆ ಈ ಪ್ರಶ್ನೆ ಕೇಳಿ ನೋಡಿ:

```sql
SELECT lower(email), count(*) FROM users
GROUP BY lower(email) HAVING count(*) > 1;
```

ಒಂದೂ ಸಾಲು ಬರಲಿಕ್ಕಿಲ್ಲ ಅಂದುಕೊಂಡಿರಾ? ಮೊಬೈಲಿನ ಕೀಬೋರ್ಡ್ ಮೊದಲ ಅಕ್ಷರವನ್ನ ತಾನಾಗಿಯೇ ದೊಡ್ಡದು ಮಾಡ್ತದೆ, ನೆನಪಿರಲಿ. ಒಮ್ಮೆ ಮೊಬೈಲಲ್ಲಿ `Suma@`, ಇನ್ನೊಮ್ಮೆ ಲ್ಯಾಪ್‌ಟಾಪಲ್ಲಿ `suma@`. ನಿಮ್ಮ ಡೇಟಾಬೇಸಿಗೆ ಇಬ್ಬರು. ಈಗ ಗೂಗಲ್‌ನಿಂದ ಬಂದವಳನ್ನ ಯಾವ ಸುಮಾಳಿಗೆ ಜೋಡಿಸ್ತೀರಿ? ಮೊದಲು ಈ ಜೋಡಿಗಳನ್ನ ಬಿಡಿಸಿ, ಆಮೇಲೆ ಬಟನ್.

ಇನ್ನು ಸೆಟ್ಟಿಂಗ್ಸ್ ಪುಟದಲ್ಲಿ ‘ಗೂಗಲ್ ಜೋಡಿಸಿ’ ಅಂತ ಕೊಡ್ತೀರಲ್ಲ, ಅದು ಎಲ್ಲಕ್ಕಿಂತ ಸುರಕ್ಷಿತ ದಾರಿ. ಸುಮಾ ಆಗಲೇ ಒಳಗಿದ್ದಾಳೆ, ಇಮೇಲ್ ಹೊಂದಲಿ ಬಿಡಲಿ, ಬಂದ `sub` ಅವಳ ಹೆಸರಿಗೆ ಬರೆದರಾಯ್ತು. ಆದರೆ ಅಲ್ಲೂ ಕಿಟ್ಟಿಗೊಂದು ಸಂದಿ ಉಂಟು. ಅವನು ತನ್ನ ಮನೆಯಲ್ಲಿ ಕೂತು ಜೋಡಿಸೋ ಕೆಲಸ ಶುರುಮಾಡ್ತಾನೆ, ತನ್ನ ಗೂಗಲ್ ಖಾತೆಗೆ ಒಪ್ಪಿಗೆ ಕೊಡ್ತಾನೆ, ಗೂಗಲ್ ವಾಪಸ್ ಕಳಿಸೋ ಆ ಕೊನೇ ವಿಳಾಸ ತೆರೆಯೋ ಮೊದಲೇ ನಿಲ್ಲಿಸಿ, ಕಾಪಿ ಮಾಡಿಕೊಳ್ತಾನೆ.

ಆ ಲಿಂಕನ್ನ ‘ಇವತ್ತು ಊಟ ಫ್ರೀ’ ಅಂತ ಬರೆದು ಸುಮಾಳಿಗೆ ವಾಟ್ಸಾಪ್ ಮಾಡ್ತಾನೆ. (ಒತ್ತೋದಿಲ್ಲ ಅನ್ನಬೇಡಿ. ಫ್ರೀ ಅಂದರೆ ನೀವೂ ಒತ್ತುತ್ತೀರಿ, ನಾನೂ ಒತ್ತುತ್ತೇನೆ.) ಅವಳು ಲಾಗಿನ್ ಆಗಿರೋ ಬ್ರೌಸರಿನಲ್ಲಿ ಅದು ತೆರೆದುಕೊಳ್ತದೆ, ನಿಮ್ಮ ಸರ್ವರ್ ಕಿಟ್ಟಿಯ ಗೂಗಲನ್ನ ಸುಮಾಳ ಖಾತೆಗೆ ಜೋಡಿಸ್ತದೆ. ಆಮೇಲೆ ಅವನು ತನ್ನ ಗೂಗಲ್ ಬಟನ್ ಒತ್ತಿ ಅವಳ ಖಾತೆಯೊಳಗೆ ಬಂದು ಕಾಲು ಚಾಚ್ತಾನೆ.

ಇದಕ್ಕೇ `state` ಅಂತ ಒಂದು ಸಣ್ಣ ಸಂಗತಿ ಇಟ್ಟಿದ್ದು. ಜೋಡಣೆ ಶುರುವಾಗುವಾಗ ಊಹಿಸಲಿಕ್ಕಾಗದ ಒಂದು ಅಕ್ಷರಮಾಲೆ ಹುಟ್ಟಿಸಿ, ಆ ಬ್ರೌಸರಿನ ಸೆಷನ್‌ಗೆ ಕಟ್ಟಿ ಗೂಗಲ್‌ಗೆ ಕಳಿಸಿ. ವಾಪಸ್ ಬಂದಾಗ ಅದೇ ಇದೆಯಾ ನೋಡಿ. ಕಿಟ್ಟಿಯ ಸೆಷನ್ನಿನಲ್ಲಿ ಹುಟ್ಟಿದ್ದು ಸುಮಾಳ ಸೆಷನ್ನಿಗೆ ಹೊಂದೋದಿಲ್ಲ, ಅಲ್ಲೇ ಬಿತ್ತು. ‘ಟೆಸ್ಟಿಂಗ್ ಮುಗಿಯೋವರೆಗೆ ಇರಲಿ’ ಅಂತ `state="abc"` ಬರೆದು ಮರೆತವರು ಯಾರಾದರೂ ಇಲ್ಲಿ ಓದ್ತಿದ್ದರೆ, ಸದ್ದು ಮಾಡದೆ ಹೋಗಿ ಸರಿಮಾಡಿ ಬನ್ನಿ. ನಾವೆಲ್ಲ ಬೇರೆ ಕಡೆ ನೋಡ್ತಿರ್ತೇವೆ.

ಬಂದಿರಾ? ಜೋಡಿಸಲಿಕ್ಕೆ ಕೊಟ್ಟ ಮೇಲೆ ಬಿಡಿಸಲಿಕ್ಕೂ ಕೊಡಬೇಕು. ಆ ‘ತೆಗೆದುಹಾಕಿ’ ಬಟನ್ ಕಂಡರೆ ಕೆಲವರಿಗೆ ಕೈ ತುರಿಸ್ತದೆ, ಕಾರಣ ಬೇಡ, ಒತ್ತಿಯೇ ಒತ್ತುತ್ತಾರೆ. ಗೂಗಲ್‌ನಿಂದಲೇ ಬಂದವರಿಗೆ ಪಾಸ್‌ವರ್ಡೇ ಇರೋದಿಲ್ಲ. ಇರೋ ಒಂದನ್ನೂ ತೆಗೆದರೆ ಖಾತೆ ಒಳಗೆ, ಒಡೆಯ ಹೊರಗೆ. ಅದಕ್ಕೇ ಕೊನೇ ದಾರಿ ತೆಗೆಯೋ ಮೊದಲು ಇನ್ನೊಂದನ್ನ ಇಡಿಸಿಕೊಳ್ಳಿ: ‘ಮೊದಲು ಪಾಸ್‌ವರ್ಡ್ ಇಡಿ, ಆಮೇಲೆ ಗೂಗಲ್ ತೆಗೀರಿ’. ಅವರು ಒಂದು ಪಾಸ್‌ವರ್ಡ್ ಇಡ್ತಾರೆ, ಗೂಗಲ್ ತೆಗೀತಾರೆ, ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ‘ಪಾಸ್‌ವರ್ಡ್ ಮರೆತಿದೆ’ ಒತ್ತುತ್ತಾರೆ. ಆ ಹೊತ್ತಿಗೆ ನಿಮ್ಮ ರಿಸೆಟ್ ಮೇಲ್ ಸ್ಪ್ಯಾಮ್ ಫೋಲ್ಡರಿಗೆ ಹೋಗದ ಹಾಗೆ ನೋಡಿಕೊಳ್ಳಿ, ಹಸಿದವರ ಕೈಗೆ ಫೋನ್ ಸಿಕ್ಕರೆ ಕಷ್ಟ.